‘ಪ್ರಾಮಾಣಿಕವಾಗಿ ಹೇಳಿ ಮೇಡಂ’

ರಾತ್ರಿ ಹತ್ತೂಮುಕ್ಕಾಲಿಗೆ ಒಂದು ಸಂದೇಶ ಬರುತ್ತದೆ. ‘ನಮಸ್ಕಾರ ಮೇಡಂ. ನಾನು ಡಿಸೈನ್ ಓದುತ್ತಿದ್ದೇನೆ, ಎರಡನೇ ವರ್ಷ. ಇದು ನನ್ನ ಮೊದಲ ಆ್ಯಪ್ ಪ್ರಾಜೆಕ್ಟ್. ದಯವಿಟ್ಟು ಬಿಡುವಾದಾಗ ನೋಡಿ ಪ್ರಾಮಾಣಿಕವಾದ ಫೀಡ್‌ಬ್ಯಾಕ್ ಕೊಡಿ. ಏನು ಹೇಳಿದರೂ ಬೇಜಾರಿಲ್ಲ.’ ಕೆಳಗೊಂದು ಲಿಂಕು.

ಬೆಂಗಳೂರಿನ ಯಾವುದಾದರೂ ಕಂಪನಿಯಲ್ಲಿ ಹತ್ತು ಹನ್ನೆರಡು ವರ್ಷ ಆ್ಯಪ್ ವಿನ್ಯಾಸ ಮಾಡಿದವರಿಗೆ ಇಂಥ ಸಂದೇಶ ಹೊಸದಲ್ಲ. ಅದರಲ್ಲಿ ವಿನಯವಿದೆ, ಆಸೆಯಿದೆ, ಬೈಸಿಕೊಳ್ಳುವ ಧೈರ್ಯವೂ ಇದೆ. ಆದರೆ ಉತ್ತರ ಹೇಳಲು ಬೇಕಾದ ಒಂದೂ ವಿವರ ಇಲ್ಲ. ಹಾಗಾಗಿ ಬರುವ ಉತ್ತರವೂ ಬಹುಪಾಲು ಅಷ್ಟಕ್ಕಷ್ಟೇ: ‘ಚೆನ್ನಾಗಿದೆ, ಬಣ್ಣ ಸ್ವಲ್ಪ ನೋಡಿಕೊಳ್ಳಿ.’ ವಿದ್ಯಾರ್ಥಿನಿ ಹಸಿರನ್ನು ನೀಲಿ ಮಾಡುತ್ತಾಳೆ. ಆ್ಯಪಿನಲ್ಲಿದ್ದ ನಿಜವಾದ ತೊಂದರೆ ಇದ್ದಲ್ಲೇ ಇರುತ್ತದೆ.

ಅದೇ ಸಂದೇಶವನ್ನು ಬೇರೆ ರೀತಿ ಬರೆದಿದ್ದರೆ ಏನಾಗುತ್ತಿತ್ತು? ಇದನ್ನು ತಿಳಿಯಲು ಒಂದು ಮಾದರಿಯನ್ನು ಕಟ್ಟಿಕೊಳ್ಳೋಣ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಬೆಂಗಳೂರಿನಲ್ಲಿ ಡಿಸೈನ್ ಓದುತ್ತಿರುವ ಒಬ್ಬ ಹುಡುಗಿ. ಅವಳ ತಾಯಿ ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕುತ್ತಾರೆ. ಅವಳ ಮೊದಲ ಆ್ಯಪ್ ಆ ಹಾಲಿನ ಲೆಕ್ಕಕ್ಕೆ ಸಂಬಂಧಿಸಿದ್ದು. ಹುಡುಗಿಯೂ ಅವಳ ಸಂದೇಶ ಓದುವ ಹಿರಿಯ ವಿನ್ಯಾಸಕಿಯೂ ಕಲ್ಪಿತ ವ್ಯಕ್ತಿಗಳು. ಆದರೆ ಇಲ್ಲಿ ಬರುವ ತಪ್ಪುಗಳು, ಅಳತೆಗಳು, ಪರೀಕ್ಷೆಯ ವಿಧಾನಗಳು ವಿನ್ಯಾಸದ ಕೆಲಸದಲ್ಲಿ ದಿನವೂ ಎದುರಾಗುವಂಥವು.

ಮೊದಲು ಆ ಲಿಂಕು ಇನ್ನೊಂದು ತುದಿಯಲ್ಲಿ ಹೇಗೆ ಕಾಣುತ್ತದೆ ಎಂದು ನೋಡಬೇಕು. ಹಿರಿಯ ವಿನ್ಯಾಸಕಿ ಮೆಟ್ರೊದಲ್ಲಿ ನಿಂತುಕೊಂಡು ಫೋನಿನಲ್ಲಿ ಒತ್ತುತ್ತಾರೆ. ಫಿಗ್ಮಾ ತೆರೆದುಕೊಂಡು, ಈ ಫೈಲು ನೋಡಲು ನಿಮಗೆ ಅನುಮತಿ ಇಲ್ಲ ಎನ್ನುತ್ತದೆ. ಹುಡುಗಿ ಲಿಂಕನ್ನು ಕಳಿಸಿದ್ದಾಳೆ, ಲಿಂಕಿದ್ದವರೆಲ್ಲರೂ ನೋಡಬಹುದು ಎಂಬ ಆಯ್ಕೆಯನ್ನು ಮಾಡಿಲ್ಲ. ಅನೇಕ ಮೊದಲ ಸಂದೇಶಗಳ ಕತೆ ಇಲ್ಲಿಗೇ ಮುಗಿಯುತ್ತದೆ. ತನ್ನ ಖಾತೆಯಿಂದ ಹೊರಗೆ ಬಂದು, ಇಲ್ಲವೇ ಗೆಳತಿಯ ಫೋನಿನಲ್ಲಿ, ಒಮ್ಮೆ ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು.

ಅನುಮತಿ ಸಿಕ್ಕಿತು ಎಂದುಕೊಳ್ಳೋಣ. ಈಗ ಕಾಣುವುದು ನಲವತ್ತೇಳು ಸ್ಕ್ರೀನುಗಳು, ಒಂದರ ಪಕ್ಕ ಒಂದು. ಸ್ವಾಗತದ ಮೂರು ಪುಟ, ಲಾಗಿನ್, ಒಟಿಪಿ, ಮುಖಪುಟ, ಗ್ರಾಫು, ಹಸುವಿನ ಪ್ರೊಫೈಲು, ಹವಾಮಾನ, ಸುದ್ದಿ, ಸೆಟ್ಟಿಂಗ್ಸ್. ಯಾವುದು ಮೊದಲು, ಯಾವುದು ಮುಖ್ಯ, ಯಾವುದು ಬೇಗ ಮುಗಿಸಲು ಎಲ್ಲಿಂದಲೋ ತಂದು ಅಂಟಿಸಿದ್ದು ಎಂಬುದು ತಿಳಿಯುವುದಿಲ್ಲ. ಹುಡುಗಿಗೆ ಬೇಕಾಗಿರುವುದೇನು? ಈ ಯೋಚನೆ ಸರಿಯಿದೆಯೇ ಎಂದೋ, ಮುಂದಿನ ವಾರದ ಜ್ಯೂರಿಗೆ ಇದು ನಡೆಯುತ್ತದೆಯೇ ಎಂದೋ, ಇಂಟರ್ನ್‌ಶಿಪ್ ಅರ್ಜಿಯ ಪೋರ್ಟ್‌ಫೋಲಿಯೊದಲ್ಲಿ ಇಡಬಹುದೇ ಎಂದೋ? ಮೂರಕ್ಕೂ ಮೂರು ಬೇರೆ ಉತ್ತರಗಳಿವೆ. ಜ್ಯೂರಿ ನಾಳೆಯೇ ಇರುವವಳಿಗೆ ‘ಮೂಲ ಯೋಚನೆಯೇ ತಪ್ಪು’ ಎಂದರೆ ಅವಳು ರಾತ್ರಿಯೆಲ್ಲ ಅಳಬಹುದು, ಬೇರೇನೂ ಮಾಡಲಾರಳು. ಎರಡು ತಿಂಗಳು ಸಮಯವಿರುವವಳಿಗೆ ಬಟನ್ನಿನ ಬಣ್ಣ ಹೇಳಿ ಕಳಿಸಿದರೆ ಅದು ಅನ್ಯಾಯ.

ಡಿಸೈನ್ ಕಾಲೇಜುಗಳಲ್ಲಿ ಈ ಗೊಂದಲ ಇಷ್ಟಿಲ್ಲ. ಅಹಮದಾಬಾದಿನಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿಂದ ಹಿಡಿದು ಇಂದಿನ ಖಾಸಗಿ ಕಾಲೇಜುಗಳವರೆಗೆ ಜ್ಯೂರಿ ಎಂಬ ಪದ್ಧತಿ ಇದೆ. ವಿದ್ಯಾರ್ಥಿ ತನ್ನ ಕೆಲಸವನ್ನು ಗೋಡೆಗೆ ಹಚ್ಚಿ ಅದರ ಪಕ್ಕದಲ್ಲಿ ನಿಲ್ಲುತ್ತಾನೆ. ‘ಇದು ಯಾಕೆ ಹೀಗೆ?’ ಎಂದು ಕೇಳಿದರೆ ಅಲ್ಲೇ ಹೇಳುತ್ತಾನೆ. ಹೇಳಲಾಗದೆ ತಡವರಿಸಿದರೆ ಅದೂ ಒಂದು ಉತ್ತರವೇ. ಸಂದೇಶದಲ್ಲಿ ಆ ಪಕ್ಕದಲ್ಲಿ ನಿಲ್ಲುವ ಮನುಷ್ಯ ಇರುವುದಿಲ್ಲ. ಅವನು ಹೇಳಬೇಕಾದದ್ದನ್ನೆಲ್ಲ ನಾಲ್ಕೈದು ಸಾಲಿನ ಬರಹವೇ ಹೊರಬೇಕು.

ಹೀಗೆ ಹೊರಿಸುವುದಕ್ಕೆ ಒಂದು ಒಳ್ಳೆಯ ಕ್ರಮ ಸಿಗುವುದು ನೃತ್ಯದ ಲೋಕದಲ್ಲಿ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಹೊತ್ತಿಗೆ ತಮ್ಮ ತಂಡದಲ್ಲಿ ವಿಮರ್ಶೆಗೆ ನಾಲ್ಕು ಹೆಜ್ಜೆಗಳ ಒಂದು ವಿಧಾನ ರೂಪಿಸಿದರು. ನೋಡಿದವರು ಮೊದಲು ತಮಗೆ ಏನು ತಟ್ಟಿತು, ಏನು ಅರ್ಥವಾಯಿತು ಎಂದು ಹೇಳುತ್ತಾರೆ. ಆಮೇಲೆ ಕಲಾವಿದೆಯೇ ಪ್ರಶ್ನೆ ಕೇಳುತ್ತಾಳೆ. ಮೂರನೆಯದಾಗಿ ನೋಡಿದವರು ಕೇಳಬಹುದು, ಆದರೆ ಪ್ರಶ್ನೆಯೊಳಗೆ ತೀರ್ಪು ಅಡಗಿರಬಾರದು. ಕೊನೆಗೆ, ಕಲಾವಿದೆ ಒಪ್ಪಿದರೆ ಮಾತ್ರ, ಅಭಿಪ್ರಾಯ. ಇಂದು ಇದನ್ನು ವಿನ್ಯಾಸಕರೂ ಬಳಸುತ್ತಾರೆ. ಇದರಲ್ಲಿ ಗಮನಿಸಬೇಕಾದ್ದು ಎರಡನೇ ಹೆಜ್ಜೆ. ಪ್ರಶ್ನೆ ಕೇಳುವುದು ಕೆಲಸ ಮಾಡಿದವಳ ಹೊಣೆ. ‘ಹೇಗಿದೆ?’ ಎಂದು ಕೇಳಿದರೆ ಆ ಹೊಣೆಯನ್ನು ನೋಡುವವರ ಹೆಗಲಿಗೆ ಹಾಕಿದಂತೆ.

ಈಗ ಹಾಲಿನ ವಿಷಯಕ್ಕೆ ಬರೋಣ.

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನು ಜನ ಡೈರಿ ಎಂದೇ ಕರೆಯುತ್ತಾರೆ. ಬೆಳಗ್ಗೆಯೂ ಸಂಜೆಯೂ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಹಾಲನ್ನು ಅಳೆದು, ಸ್ವಲ್ಪ ಮಾದರಿ ತೆಗೆದು ಯಂತ್ರಕ್ಕೆ ಕೊಡುತ್ತಾರೆ. ಯಂತ್ರ ಎರಡು ಸಂಖ್ಯೆ ಹೇಳುತ್ತದೆ. ಒಂದು ಫ್ಯಾಟು, ಅಂದರೆ ಕೊಬ್ಬಿನ ಅಂಶ. ಇನ್ನೊಂದು ಎಸ್‌ಎನ್‌ಎಫ್, ಅಂದರೆ ಕೊಬ್ಬು ಮತ್ತು ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಪ್ರೋಟೀನು, ಸಕ್ಕರೆ, ಲವಣಗಳ ಪ್ರಮಾಣ. ಇವುಗಳ ಮೇಲೆ ಲೀಟರಿನ ದರ ನಿಲ್ಲುತ್ತದೆ. ಗಣಕೀಕೃತ ಸಂಘಗಳಲ್ಲಿ ಒಂದು ಪುಟ್ಟ ಚೀಟಿ ಹೊರಬರುತ್ತದೆ: 6.5 ಲೀಟರು, ಫ್ಯಾಟು 4.1, ಎಸ್‌ಎನ್‌ಎಫ್ 8.6, ದರ 34 ರೂಪಾಯಿ, ಮೊತ್ತ 221. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಟವಾಡೆ. ಹಾಲಿನ ದುಡ್ಡು ಕೈಗೆ ಅಥವಾ ಖಾತೆಗೆ ಬರುವ ದಿನಕ್ಕೆ ಹಳ್ಳಿಯಲ್ಲಿ ಇರುವ ಹೆಸರು ಅದು. ಸಂಘದಿಂದ ಪಶು ಆಹಾರದ ಮೂಟೆ ಸಾಲಕ್ಕೆ ತಂದಿದ್ದರೆ ಅದನ್ನು ಬಟವಾಡೆಯಲ್ಲೇ ಹಿಡಿದುಕೊಳ್ಳುತ್ತಾರೆ.

ಒಂದು ವಾರಕ್ಕೆ ಹದಿನಾಲ್ಕು ಚೀಟಿ. ಸೀರೆಯ ಸೆರಗಿನಲ್ಲಿ, ಗೂಡಿನಲ್ಲಿ, ಕ್ಯಾಲೆಂಡರಿನ ಹಿಂದೆ ಅವು ಇರುತ್ತವೆ. ಒಂದೆರಡು ಕಳೆದುಹೋಗುತ್ತವೆ, ಶಾಯಿ ಮಾಸುತ್ತದೆ. ಬಟವಾಡೆಯ ಮೊತ್ತ ಅಂದುಕೊಂಡದ್ದಕ್ಕಿಂತ ಕಡಿಮೆ ಬಂದಾಗ ಎಲ್ಲಿ ಕಡಿಮೆಯಾಯಿತೆಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಹುಡುಗಿಯ ಆ್ಯಪ್ ಹುಟ್ಟಿದ್ದು ಇಲ್ಲಿ. ಇದು ನಿಜವಾದ ತೊಂದರೆ, ಮತ್ತು ಅವಳು ಅದನ್ನು ಮನೆಯಲ್ಲೇ ಕಂಡಿದ್ದಾಳೆ. ವಿಚಿತ್ರವೆಂದರೆ ಮೊದಲ ಸಂದೇಶದಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ. ತನ್ನ ಕೆಲಸದಲ್ಲಿ ಅತಿ ಗಟ್ಟಿಯಾದ ಭಾಗವನ್ನೇ ಅವಳು ಹೇಳದೆ ಬಿಟ್ಟಿದ್ದಳು. ಅದು ಮನೆಯ ವಿಷಯ, ವಿನ್ಯಾಸದ ವಿಷಯವಲ್ಲ ಎಂದು ಅವಳಿಗೆ ಅನ್ನಿಸಿರಬಹುದು.

ತಿದ್ದಿ ಬರೆದ ಸಂದೇಶ ಹೀಗಿರಬಹುದು:

‘ನಮಸ್ಕಾರ ಮೇಡಂ. ನಾನು ಡಿಸೈನ್ ಎರಡನೇ ವರ್ಷದ ವಿದ್ಯಾರ್ಥಿನಿ. ಡೈರಿಗೆ ಹಾಲು ಹಾಕುವವರು ಬಟವಾಡೆಗೆ ಮೊದಲೇ ತಮ್ಮ ವಾರದ ಲೆಕ್ಕ ನೋಡಿಕೊಳ್ಳಲು ಒಂದು ಆ್ಯಪ್ ವಿನ್ಯಾಸ ಮಾಡಿದ್ದೇನೆ. ನಮ್ಮ ಅಮ್ಮನೂ ಪಕ್ಕದ ಮನೆಯ ಇಬ್ಬರೂ ಚೀಟಿ ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ರಜೆಯಲ್ಲಿ ನೋಡಿ ಬರೆದುಕೊಂಡಿದ್ದೆ. ಅದರ ಒಂದು ಪುಟ ಜೊತೆಗಿದೆ. ಸಂಘದ ಕಂಪ್ಯೂಟರಿನಿಂದ ಮಾಹಿತಿ ತಾನಾಗಿ ಬರುತ್ತದೆ ಎಂದು ಇಟ್ಟುಕೊಂಡಿದ್ದೇನೆ, ಆ ಭಾಗ ನಾನು ಮಾಡಿಲ್ಲ.

‘ಲಿಂಕಿನಲ್ಲಿ ನಾಲ್ಕು ಸ್ಕ್ರೀನು ಮಾತ್ರ ಇವೆ. ದಯವಿಟ್ಟು ಫೋನಿನಲ್ಲೇ ತೆರೆದು, ಈ ವಾರ ಒಟ್ಟು ಎಷ್ಟು ದುಡ್ಡು ಬರಬೇಕು ಎಂದು ಹುಡುಕಿ ನೋಡಿ. ನನ್ನ ಪ್ರಶ್ನೆ ಎರಡು. ಮೊತ್ತ ಕಂಡುಹಿಡಿಯುವಾಗ ನೀವು ಎಲ್ಲಾದರೂ ತಡೆದಿರಾ? ಮುಖಪುಟದಲ್ಲಿ ಫ್ಯಾಟಿನ ಗ್ರಾಫ್ ಇಟ್ಟಿದ್ದೇನೆ. ನಮ್ಮ ಮೇಷ್ಟರಿಗೆ ಅದು ಇಷ್ಟವಾಯಿತು, ಅಮ್ಮ ಅದರ ಕಡೆ ನೋಡಲೇ ಇಲ್ಲ. ಅದು ಅಲ್ಲಿರಬೇಕೇ?

‘ಇನ್ನು ಮೂರು ವಾರಕ್ಕೆ ಜ್ಯೂರಿ ಇದೆ. ಸ್ಕ್ರೀನುಗಳನ್ನು ಪೂರ್ತಿ ಬದಲಿಸಲು ಸಮಯವಿದೆ, ವಿಷಯ ಬದಲಿಸಲು ಇಲ್ಲ. ಹದಿನೈದು ನಿಮಿಷ ಸಾಕು. ಈಗ ಆಗದಿದ್ದರೆ ತೊಂದರೆಯಿಲ್ಲ ಮೇಡಂ.’

ಈ ಸಂದೇಶ ಮೊದಲಿನದಕ್ಕಿಂತ ಉದ್ದವಾಗಿದೆ. ಆದರೂ ಓದುವವರ ಸಮಯ ಉಳಿಯುತ್ತದೆ. ನಲವತ್ತೇಳು ಸ್ಕ್ರೀನು ನಾಲ್ಕಕ್ಕೆ ಇಳಿದಿದೆ. ಏನು ಬದಲಿಸಬಹುದು, ಏನು ಆಗದು ಎಂಬ ಗಡಿ ಗೊತ್ತಾಗಿದೆ. ‘ಆ ಭಾಗ ನಾನು ಮಾಡಿಲ್ಲ’ ಎಂಬ ಒಂದು ವಾಕ್ಯದಿಂದ, ಮಾಹಿತಿ ಎಲ್ಲಿಂದ ಬರುತ್ತದೆ ಎಂಬ ಹತ್ತು ನಿಮಿಷದ ವಾದ ತಪ್ಪಿದೆ. ಎಲ್ಲಕ್ಕಿಂತ ಬೆಲೆಬಾಳುವುದು ಅಮ್ಮ ಗ್ರಾಫಿನ ಕಡೆ ನೋಡಲಿಲ್ಲ ಎಂಬ ಮಾತು. ತನಗೆ ಅನುಕೂಲವಲ್ಲದ ಸಂಗತಿಯನ್ನು ಅವಳೇ ಮುಂದಿಟ್ಟಿದ್ದಾಳೆ. ಇದನ್ನು ಓದಿದ ಹಿರಿಯರಿಗೆ, ಈ ಹುಡುಗಿಗೆ ನಿಜ ಹೇಳಬಹುದು ಎಂದು ಅನ್ನಿಸುತ್ತದೆ. ‘ಏನು ಹೇಳಿದರೂ ಬೇಜಾರಿಲ್ಲ’ ಎಂದು ಬರೆದಾಗ ಹಾಗೆ ಅನ್ನಿಸಿರಲಿಲ್ಲ.

ಮತ್ತೊಂದು ಸಂಗತಿ, ಅವಳು ಕೆಲಸವೊಂದನ್ನು ಕೊಟ್ಟಿದ್ದಾಳೆ: ಮೊತ್ತ ಹುಡುಕಿ. ಸ್ಕ್ರೀನನ್ನು ಚಿತ್ರದಂತೆ ನೋಡಿದರೆ ಕಣ್ಣು ಬಣ್ಣ, ಅಂಚು, ಅಂತರಗಳ ಮೇಲೆ ಓಡುತ್ತದೆ. ಒಂದು ಕೆಲಸ ಹಿಡಿದು ನೋಡಿದರೆ ಬೆರಳು ಎಲ್ಲಿ ನಿಂತಿತು ಎಂಬುದು ಕಾಣುತ್ತದೆ. ಒಂದೇ ಆ್ಯಪಿನ ಬಗ್ಗೆ ಈ ಎರಡು ನೋಟಗಳು ಕೊಡುವ ಉತ್ತರ ಬೇರೆ ಬೇರೆ.

ಹಿರಿಯ ವಿನ್ಯಾಸಕಿ ಈಗ ಫೋನು ಹಿಡಿದು ಮೊತ್ತ ಹುಡುಕುತ್ತಾರೆ. ಅವರ ಉತ್ತರ ಹೀಗೆ ಶುರುವಾಗುತ್ತದೆ: ‘ಮುಖಪುಟ ತೆರೆದ ತಕ್ಷಣ ನನ್ನ ಕಣ್ಣು ಹೋದದ್ದು ಗ್ರಾಫಿಗೆ. ಇದು ಫ್ಯಾಟು ಹೆಚ್ಚಿಸಿಕೊಳ್ಳಲು ಇರುವ ಆ್ಯಪ್ ಎಂದುಕೊಂಡೆ. ಆಮೇಲೆ ಕೆಳಗೆ ಸರಿಸಿದಾಗ ದಿನಗಳ ಪಟ್ಟಿ ಸಿಕ್ಕಿತು. ಒಟ್ಟು ಮೊತ್ತ ಸಿಕ್ಕಿದ್ದು ಮೂರನೇ ಸ್ಕ್ರೀನಿನ ಕೊನೆಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ.’ ಇದರಲ್ಲಿ ತೀರ್ಪಿಲ್ಲ, ಆದದ್ದರ ವರದಿ ಮಾತ್ರ ಇದೆ. ಆದರೂ ಹುಡುಗಿಗೆ ಇದಕ್ಕಿಂತ ಗಟ್ಟಿಯಾದ ಮಾತು ಬೇಕಿಲ್ಲ. ವಾರದ ಮೊತ್ತಕ್ಕಾಗಿ ಮಾಡಿದ ಆ್ಯಪಿನಲ್ಲಿ ಮೊತ್ತವೇ ಎಲ್ಲಕ್ಕಿಂತ ಹಿಂದೆ ಕುಳಿತಿದೆ.

ಆ ಬೂದು ಬಣ್ಣದ ಕತೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇದು ಮೊದಲ ಪ್ರಾಜೆಕ್ಟುಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು, ಮತ್ತು ಇದನ್ನು ಅಳೆಯಬಹುದು. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು ಕಾಂಟ್ರಾಸ್ಟ್ ಅನುಪಾತ ಎನ್ನುತ್ತಾರೆ. ಬಿಳಿಯ ಮೇಲೆ ಅಚ್ಚ ಕಪ್ಪಿಗೆ ಅದು 21ಕ್ಕೆ 1. ಬಿಳಿಯ ಮೇಲೆ ಬಿಳಿಗೆ 1ಕ್ಕೆ 1. ವೆಬ್ ಸೌಲಭ್ಯದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕು ಎನ್ನುತ್ತದೆ. ಹುಡುಗಿ ಬಳಸಿದ ಬೂದು #999999. ಬಿಳಿಯ ಮೇಲೆ ಅದರ ಅನುಪಾತ ಸುಮಾರು 2.85 ಮಾತ್ರ. ಅದನ್ನೇ #767676 ವರೆಗೆ ಗಾಢ ಮಾಡಿದರೆ 4.54 ಆಗಿ ಗೆರೆ ದಾಟುತ್ತದೆ. ಹಾಸ್ಟೆಲ್ ಕೋಣೆಯ ಮಂದ ಬೆಳಕಿನಲ್ಲಿ, ಹೊಳೆಯುವ ಲ್ಯಾಪ್‌ಟಾಪಿನಲ್ಲಿ ಈ ಎರಡು ಬೂದುಗಳ ನಡುವಿನ ವ್ಯತ್ಯಾಸ ಅವಳಿಗೆ ತಿಳಿದಿರಲಾರದು. ಡೈರಿಯ ಮುಂದಿನ ಬಿಸಿಲಿನಲ್ಲಿ, ಐವತ್ತು ದಾಟಿದ ಕಣ್ಣಿಗೆ, ಕನ್ನಡಕ ಮನೆಯಲ್ಲೇ ಬಿಟ್ಟು ಬಂದ ದಿನ, ಒಂದು ಓದಲು ಆಗುತ್ತದೆ, ಇನ್ನೊಂದು ಆಗುವುದಿಲ್ಲ.

ಲ್ಯಾಪ್‌ಟಾಪು ಇನ್ನೂ ಒಂದು ಮೋಸ ಮಾಡಿತ್ತು. ಅವಳು ಸ್ಕ್ರೀನುಗಳನ್ನು 393 ಅಗಲದ ಚೌಕಟ್ಟಿನಲ್ಲಿ ರಚಿಸಿದ್ದಳು. ಅದು ಇತ್ತೀಚಿನ ಐಫೋನ್ ಒಂದರ ಅಗಲ. ಅಮ್ಮನ ಕೈಯಲ್ಲಿರುವುದು ಮಗ ಬಳಸಿ ಬಿಟ್ಟ ಆ್ಯಂಡ್ರಾಯ್ಡ್ ಫೋನು. ಅಂಥ ಅನೇಕ ಫೋನುಗಳ ಅಗಲ 360. ಮೂವತ್ತಮೂರು ಅಂಕ ಕಡಿಮೆ ಎಂದರೆ ಒಂದು ಸಾಲಿನಲ್ಲಿ ದಿನಾಂಕ, ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ ಎಂಬ ಆರು ಅಂಕಣ ಕೂರಿಸಿದವಳಿಗೆ ಕೊನೆಯ ಅಂಕಣವೇ ಹೊರಗೆ ಬಿದ್ದಂತೆ. ಇನ್ನು ಅಮ್ಮ ಸೆಟ್ಟಿಂಗ್ಸಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ? 2023ರಲ್ಲಿ ಬಂದ ಆ್ಯಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು ಎರಡು ಪಟ್ಟಿನವರೆಗೂ ಹಿಗ್ಗಿಸಬಹುದು. ಹಿರಿಯ ವಿನ್ಯಾಸಕಿ ಇದನ್ನು ಆದೇಶವಾಗಿ ಹೇಳದೆ ಪ್ರಶ್ನೆಯಾಗಿ ಕೇಳುತ್ತಾರೆ: ‘ನಿಮ್ಮ ಅಮ್ಮನ ಫೋನು ಯಾವುದು? ಅದರಲ್ಲಿ ಅಕ್ಷರದ ಗಾತ್ರ ಎಷ್ಟಕ್ಕೆ ಇಟ್ಟುಕೊಂಡಿದ್ದಾರೆ?’ ಪ್ರಶ್ನೆಯ ಉತ್ತರ ಹುಡುಗಿಯ ಮನೆಯಲ್ಲಿದೆ, ಬೆಂಗಳೂರಿನಲ್ಲಿ ಇಲ್ಲ.

ಕನ್ನಡದ ವಿಷಯದಲ್ಲಿ ಅವರ ಮಾತು ಇನ್ನಷ್ಟು ಸೂಕ್ಷ್ಮ. ಹುಡುಗಿ ಮೊದಲು ಇಂಗ್ಲಿಷಿನಲ್ಲಿ ವಿನ್ಯಾಸ ಮಾಡಿ ಆಮೇಲೆ ಪದ ಬದಲಿಸಿದ್ದಾಳೆ ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಗಾತ್ರದ 1.2 ಪಟ್ಟು ಇಟ್ಟಿದ್ದಾಳೆ. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. ‘ಒಟ್ಟು ಮೊತ್ತ’ ಎಂಬ ಎರಡೇ ಪದದಲ್ಲಿ ಎರಡು ಒತ್ತುಗಳಿವೆ. ಕೆಳಗಿನ ಸಾಲಿನಲ್ಲಿ ‘ಲೀಟರ್’ ಬಂದರೆ ಮೇಲಿನ ಒತ್ತು ಇದರ ಗುಡಿಸಿಗೆ ಹೋಗಿ ತಾಗುತ್ತದೆ. ಎತ್ತರ ಬಿಗಿಯಾಗಿ ಕಟ್ಟಿದ ಬಟನ್ನಿನೊಳಗೆ ಒತ್ತಕ್ಷರದ ಬಾಲವೇ ಕತ್ತರಿಸಿಹೋಗುತ್ತದೆ. ಪರಿಹಾರ ಕಷ್ಟವಿಲ್ಲ: ಅಂತರವನ್ನು ಒಂದೂವರೆ ಪಟ್ಟಿನ ಹತ್ತಿರಕ್ಕೆ ತಂದು, ತಾನು ಬಳಸುವ ಫಾಂಟಿನಲ್ಲೇ ಒತ್ತುಗಳು ತುಂಬಿದ ಪದಗಳನ್ನು ಒಂದರ ಕೆಳಗೊಂದು ಬರೆದು ನೋಡಬೇಕು. ಆದರೆ ಇದು ತೋರಬೇಕಾದರೆ ಮೊದಲ ದಿನದಿಂದ ಕನ್ನಡದಲ್ಲೇ ವಿನ್ಯಾಸ ಮಾಡಿರಬೇಕು.

ಪದಗಳ ಆಯ್ಕೆಯದು ಇನ್ನೊಂದು ಬಗೆಯ ತೊಡಕು. ಅವಳು ‘ಕೊಬ್ಬಿನಂಶ’, ‘ಕೊಬ್ಬುರಹಿತ ಘನಾಂಶ’, ‘ಪಾವತಿ ಚಕ್ರ’ ಎಂದು ಬರೆದಿದ್ದಾಳೆ. ಡೈರಿಯ ಸಾಲಿನಲ್ಲಿ ನಿಂತವರ ಬಾಯಲ್ಲಿ ಇರುವುದು ಫ್ಯಾಟು, ಎಸ್‌ಎನ್‌ಎಫ್, ಬಟವಾಡೆ. ಶುದ್ಧ ಕನ್ನಡ ಬರೆದರೆ ಗೌರವ ಎಂಬ ಭಾವನೆ ಅವಳದು, ಅದು ಅರ್ಥವಾಗುವಂಥದ್ದೇ. ಆದರೆ ಚೀಟಿಯ ಮೇಲೆ ಒಂದು ಪದ, ಫೋನಿನಲ್ಲಿ ಇನ್ನೊಂದು ಪದ ಇದ್ದರೆ ಎರಡನ್ನೂ ಹೋಲಿಸಿ ನೋಡಬೇಕಾದ ಹೆಂಗಸು ಮೊದಲು ಅನುವಾದ ಮಾಡಿಕೊಳ್ಳಬೇಕಾಗುತ್ತದೆ. ‘ನಿಮ್ಮ ಸಂದೇಶದಲ್ಲಿ ಬಟವಾಡೆ ಎಂದು ಬರೆದಿದ್ದೀರಿ, ಆ್ಯಪಿನಲ್ಲಿ ಯಾಕೆ ಬರೆಯಲಿಲ್ಲ?’ ಎಂದು ಹಿರಿಯ ವಿನ್ಯಾಸಕಿ ಕೇಳುತ್ತಾರೆ. ಇಡೀ ಉತ್ತರದಲ್ಲಿ ಅತ್ಯಂತ ಉಪಯುಕ್ತವಾದ ಸಾಲು ಬಹುಶಃ ಇದೇ.

ಗ್ರಾಫಿನ ಪ್ರಶ್ನೆಗೆ ಅವರು ನೇರ ಉತ್ತರ ಕೊಡುವುದಿಲ್ಲ. ‘ನನ್ನ ಅಭಿಪ್ರಾಯ ಕೇಳಿದರೆ ತೆಗೆಯಿರಿ ಎನ್ನುತ್ತೇನೆ. ಆದರೆ ನಾನು ಹಾಲು ಹಾಕಿದವಳಲ್ಲ. ಇಬ್ಬರು ಮೂವರಿಗೆ ಗ್ರಾಫ್ ಇರುವುದನ್ನೂ ಇಲ್ಲದ್ದನ್ನೂ ತೋರಿಸಿ ನೋಡಿ.’

ಇಂಥ ಉತ್ತರ ಬಂದಾಗ ಅದನ್ನು ಓದುವುದೂ ಒಂದು ಕೆಲಸವೇ. ಎಲ್ಲ ಸಾಲುಗಳಿಗೂ ಒಂದೇ ತೂಕವಿಲ್ಲ. ಕಾಂಟ್ರಾಸ್ಟಿನ ಮಾತು ಅಳೆದು ನೋಡಬಹುದಾದ್ದು. ಅದರಲ್ಲಿ ವಾದಕ್ಕೆ ಜಾಗವಿಲ್ಲ, ಇವತ್ತೇ ತಿದ್ದಬಹುದು. ಒತ್ತು ಗುಡಿಸುಗಳು ತಾಗುವುದೂ ಹಾಗೆಯೇ, ಕಣ್ಣೆದುರಿಗೇ ಇದೆ. ಮೊತ್ತ ಮೇಲೆ ಬರಬೇಕು ಎಂಬುದು ಅನುಭವಿಯೊಬ್ಬರ ಬಲವಾದ ಊಹೆ, ಅದನ್ನು ಬಳಸುವವರ ಮುಂದಿಟ್ಟು ಖಚಿತ ಮಾಡಿಕೊಳ್ಳಬೇಕು. ಗ್ರಾಫ್ ತೆಗೆಯಿರಿ ಎಂಬುದು, ಅವರೇ ಹೇಳಿದಂತೆ, ಅಭಿಪ್ರಾಯ. ಮೊದಲ ಸಲ ಫೀಡ್‌ಬ್ಯಾಕ್ ಪಡೆದವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಒಂದೋ ಎಲ್ಲವನ್ನೂ ಆಜ್ಞೆಯೆಂದು ಪಾಲಿಸುತ್ತಾರೆ, ಇಲ್ಲವೇ ಪ್ರತಿ ಸಾಲಿಗೂ ಒಂದು ಸಮರ್ಥನೆ ಬರೆದು ವಾಪಸು ಕಳಿಸುತ್ತಾರೆ. ಎರಡನೆಯದು ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಮುಂದಿನ ಸಲ ಆ ಹಿರಿಯರು ‘ಚೆನ್ನಾಗಿದೆ’ ಎಂದಷ್ಟೇ ಬರೆಯುತ್ತಾರೆ.

ಊಹೆಯನ್ನು ಖಚಿತ ಮಾಡಿಕೊಳ್ಳುವ ದಾರಿ ಅಗ್ಗವಾದದ್ದು. ಡೆನ್ಮಾರ್ಕಿನ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲಂಡಾವರ್ 1993ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ತಾವು ನೋಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರನಿಂದ ಸರಾಸರಿ ನೂರಕ್ಕೆ 31ರಷ್ಟು ತೊಡಕುಗಳು ಹೊರಬರುತ್ತವೆ, ಎರಡನೆಯವನು ಕೆಲವನ್ನು ಮತ್ತೆ ತೋರಿಸಿ ಕೆಲವನ್ನು ಹೊಸದಾಗಿ ತೋರಿಸುತ್ತಾನೆ, ಐದು ಜನ ಆಗುವಷ್ಟರಲ್ಲಿ ಸುಮಾರು 85ರಷ್ಟು ಸಿಕ್ಕಿರುತ್ತವೆ. ‘ಐದು ಜನ ಸಾಕು’ ಎಂಬ ಮಾತು ಇದರಿಂದ ಪ್ರಸಿದ್ಧವಾಯಿತು. 2001ರಲ್ಲಿ ಜೇರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್ ದೊಡ್ಡ ವೆಬ್‌ಸೈಟುಗಳಲ್ಲಿ ಪರೀಕ್ಷಿಸಿ, ಅಲ್ಲಿ ಐದು ಜನ ಸಾಲುವುದೇ ಇಲ್ಲ ಎಂದರು. ಎರಡೂ ನಿಜ. ನಾಲ್ಕು ಸ್ಕ್ರೀನು, ಒಂದೇ ಕೆಲಸ, ಒಂದೇ ಬಗೆಯ ಬಳಕೆದಾರರು ಎಂದಾಗ ಐದು ಜನ ಬಹಳಷ್ಟು ಹೇಳುತ್ತಾರೆ. ಆದರೆ ಈ ಲೆಕ್ಕ ಬಳಸುವಾಗಿನ ತೊಡಕುಗಳಿಗೆ ಮಾತ್ರ. ಈ ಆ್ಯಪ್ ಜನರಿಗೆ ಬೇಕೋ ಬೇಡವೋ ಎಂಬುದನ್ನು ಅದು ಹೇಳಲಾರದು.

ಹುಡುಗಿ ವಾರಾಂತ್ಯಕ್ಕೆ ಊರಿಗೆ ಹೋಗುತ್ತಾಳೆ ಎಂದುಕೊಳ್ಳೋಣ. ಸಂಜೆಯ ಹಾಲು ಹಾಕಿ ಬಂದ ಐವರನ್ನು ಒಬ್ಬೊಬ್ಬರಾಗಿ ಜಗಲಿಯ ಮೇಲೆ ಕೂರಿಸಿಕೊಂಡು ಫೋನು ಕೊಟ್ಟು ಒಂದೇ ಮಾತು ಹೇಳಬೇಕು: ಈ ವಾರ ಎಷ್ಟು ದುಡ್ಡು ಬರುತ್ತದೆ ನೋಡಿ. ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಇದೇ ಅತಿ ಕಷ್ಟದ ಭಾಗ. ಬೆರಳು ತಪ್ಪು ಜಾಗಕ್ಕೆ ಹೋದಾಗ ‘ಅಲ್ಲಲ್ಲ, ಮೇಲೆ ಒತ್ತಿ ಚಿಕ್ಕಮ್ಮ’ ಎಂದು ನಾಲಿಗೆ ತುದಿಗೆ ಬರುತ್ತದೆ. ಹೇಳಿಬಿಟ್ಟರೆ ಆ ಪರೀಕ್ಷೆ ಕೆಟ್ಟಂತೆ, ಯಾಕೆಂದರೆ ಮಾರುಕಟ್ಟೆಗೆ ಹೋದ ಆ್ಯಪಿನ ಪಕ್ಕದಲ್ಲಿ ಅದನ್ನು ಮಾಡಿದವಳು ಕುಳಿತಿರುವುದಿಲ್ಲ. ಕೊನೆಯಲ್ಲಿ ‘ಚೆನ್ನಾಗಿದೆಯಾ?’ ಎಂದು ಕೇಳುವುದೂ ಬೇಡ. ಊರಿನ ಹುಡುಗಿ, ಓದುತ್ತಿರುವವಳು. ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅದರ ಬದಲು ಎಲ್ಲಿ ತಡೆದರು, ಏನು ಕೇಳಿದರು, ಯಾವಾಗ ಫೋನನ್ನು ಮಗನ ಕೈಗೆ ಕೊಟ್ಟರು ಎಂದು ಬರೆದುಕೊಳ್ಳಬೇಕು.

ಫೋನನ್ನು ಮಗನ ಕೈಗೆ ಕೊಡುವುದು ಸಣ್ಣ ಸಂಗತಿಯಲ್ಲ. ಅನೇಕ ಮನೆಗಳಲ್ಲಿ ಹಸುವಿನ ಕೆಲಸ, ಹಾಲು ಹಾಕುವುದು ಹೆಂಗಸರದು. ಇಂಟರ್‌ನೆಟ್ ಇರುವ ಫೋನು ಗಂಡನದೋ ಮಗನದೋ ಆಗಿರುತ್ತದೆ. ಹುಡುಗಿಯ ಸ್ಕ್ರೀನುಗಳಲ್ಲಿ ‘ನಿಮ್ಮ ಫೋನು, ನಿಮ್ಮ ಲಾಗಿನ್, ನಿಮ್ಮ ಒಟಿಪಿ’ ಎಂಬ ನಂಬಿಕೆ ಇದೆ. ಜಗಲಿಯ ಮೇಲೆ ಅದು ಮೊದಲ ಹತ್ತು ನಿಮಿಷದಲ್ಲೇ ಅಲುಗಾಡಬಹುದು. ‘ಒಟಿಪಿ ಅವನ ಪೋನಿಗೆ ಬತ್ತದೆ, ಅವ ಬೆಂಗ್ಳೂರಲ್ಲವನೆ’ ಎಂದು ಒಬ್ಬಾಕೆ ಹೇಳಿದರೆ ಸ್ವಾಗತದ ಪುಟಗಳ ಅಂದ ಯಾವ ಕೆಲಸಕ್ಕೂ ಬರುವುದಿಲ್ಲ. ವಾರದ ಮೊತ್ತವನ್ನು ಸಾದಾ ಫೋನಿಗೆ ಒಂದು ಎಸ್‌ಎಂಎಸ್ ಆಗಿ ಕಳಿಸಿದರೆ ಸಾಕೇ, ಆ್ಯಪ್ ಮಗ ನೋಡಲಿಕ್ಕಿರಲೇ ಎಂಬ ಯೋಚನೆ ಆಗ ಹುಟ್ಟುತ್ತದೆ. ಹಿರಿಯ ವಿನ್ಯಾಸಕಿಯ ಪತ್ರದಲ್ಲಿ ಇದಿರಲಿಲ್ಲ. ಎಷ್ಟು ಅನುಭವವಿದ್ದರೂ ನಾಲ್ಕು ಸ್ಕ್ರೀನು ನೋಡಿ ಇದನ್ನು ಹೇಳಲು ಅವರಿಗೆ ಸಾಧ್ಯವೂ ಇರಲಿಲ್ಲ.

ಈಗ ಮೂರನೇ ಸಂದೇಶ ಬರೆಯುವ ಹೊತ್ತು. ಅನೇಕರು ಇದನ್ನು ಬರೆಯುವುದೇ ಇಲ್ಲ. ‘ಥ್ಯಾಂಕ್ಯೂ ಸೋ ಮಚ್ ಮೇಡಂ’ ಎಂದು ನಿಲ್ಲಿಸುತ್ತಾರೆ. ತಾವು ಹೇಳಿದ್ದು ಏನಾಯಿತು ಎಂದು ಹಿರಿಯರಿಗೆ ತಿಳಿಯುವುದಿಲ್ಲ. ಹುಡುಗಿ ಹೀಗೆ ಬರೆಯುತ್ತಾಳೆ:

‘ಮೇಡಂ, ಊರಿನಲ್ಲಿ ಐದು ಜನರಿಗೆ ತೋರಿಸಿದೆ. ಬೂದು ಬಣ್ಣ, ಸಾಲಿನ ಅಂತರ ತಿದ್ದಿದ್ದೇನೆ. ಮೊತ್ತ ಮುಖಪುಟದ ಮೇಲೆ ಬಂದಿದೆ, ಪದಗಳೆಲ್ಲ ಚೀಟಿಯಲ್ಲಿ ಇರುವಂತೆಯೇ ಇವೆ. ಗ್ರಾಫನ್ನು ನಾಲ್ವರು ನೋಡಲಿಲ್ಲ. ಆದರೆ ಆರು ಹಸು ಕಟ್ಟಿರುವ ಒಬ್ಬರು ಅದನ್ನೇ ಹಿಡಿದುಕೊಂಡು ಕೂತರು, ಮೇವು ಬದಲಿಸಿದ ವಾರ ಫ್ಯಾಟು ಇಳಿದದ್ದು ಅವರಿಗೆ ಕಂಡಿತು. ಹಾಗಾಗಿ ತೆಗೆಯಲಿಲ್ಲ, ಒಳಗಿನ ಪುಟಕ್ಕೆ ಹಾಕಿದ್ದೇನೆ. ಒಟಿಪಿ ತೊಂದರೆ ಇನ್ನೂ ಬಗೆಹರಿದಿಲ್ಲ. ಎಸ್‌ಎಂಎಸ್ ಒಂದನ್ನು ಬರೆದು ನೋಡಿದ್ದೇನೆ, ಅದೂ ಲಿಂಕಿನಲ್ಲಿದೆ.’

ಮಾರನೇ ದಿನ ಬೆಳಗ್ಗೆ ಉತ್ತರ ಬರುತ್ತದೆ. ‘ಎಸ್‌ಎಂಎಸ್ ಓದಿದೆ. ಮೊತ್ತ ಸರಿಯಾಗಿ ಮೊದಲೇ ಬರುತ್ತದೆ. ಆದರೆ ಪಶು ಆಹಾರದ ಮೂಟೆಗೆ ಹಿಡಿದುಕೊಂಡದ್ದು ಎಲ್ಲಿ? ಅದು ಕಾಣದಿದ್ದರೆ ಬಟವಾಡೆಯ ದಿನ ಕೈಗೆ ಬಂದ ದುಡ್ಡಿಗೂ ಇದಕ್ಕೂ ತಾಳೆಯಾಗುವುದಿಲ್ಲ ಅಲ್ಲವೇ? ಅಮ್ಮನನ್ನು ಕೇಳಿ ನೋಡಿ, ಹಿಡಿದುಕೊಂಡದ್ದನ್ನು ಅವರು ಚೀಟಿಯಲ್ಲಿ ನೋಡುತ್ತಾರೋ, ಕಾರ್ಯದರ್ಶಿಯ ಪುಸ್ತಕದಲ್ಲಿ ನೋಡುತ್ತಾರೋ.’

ಹುಡುಗಿ ಕಾಲೇಜಿನ ಕಾರಿಡಾರಿನಲ್ಲಿ ನಿಂತು ಊರಿಗೆ ಫೋನು ಹಚ್ಚುತ್ತಾಳೆ. ಹಾಲು ಹಾಕಿ ಬರುವ ಹೊತ್ತು, ಅಮ್ಮ ಇನ್ನೂ ಡೈರಿಯ ಸಾಲಿನಲ್ಲೇ ಇದ್ದಾರೆ.